ನಲವತ್ತೆಂಟರ ಅಕ್ಕಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲೂ ಅಂದರು, ಗಂಡನ ಮನೆಯಲ್ಲೂ ಅಂದರು. ಅನ್ನಲಿ ಬಿಡಿ. ಆದರೆ ಒಂದು ಶನಿವಾರ ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ನನ್ನನ್ನು ಕೂತಲ್ಲಿ ಕೂಡಗೊಡದ ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ ಇತ್ತು. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಉರಿ ಹಚ್ಚಿದ್ದು.

ನನ್ನ ತವರು ಬಾದಾಮಿ. ಬ್ಯಾಂಕಿನ ಪರೀಕ್ಷೆ ಪಾಸು ಮಾಡಬೇಕೆಂದು ಒಂದು ವರ್ಷ ದಿನಾ ರೈಲು ಹತ್ತಿ ಬಾಗಲಕೋಟೆಗೆ ಕೋಚಿಂಗ್‌ಗೆ ಹೋದವಳು ನಾನು. ಮೂರು ಸಲ ಬರೆದೆ, ಮೂರು ಸಲವೂ ಕೈಕೊಟ್ಟಿತು. ನೌಕರಿ ಸಿಗಲಿಲ್ಲ, ಇಳಕಲ್ಲಿನಲ್ಲಿ ಅಕ್ಕಿ ಅಂಗಡಿ ಇದ್ದ ಮನೆಯಲ್ಲಿ ಗಂಡ ಸಿಕ್ಕ. ಆ ಕೋಚಿಂಗ್‌ನಲ್ಲಿ ಕಲಿತದ್ದರಲ್ಲಿ ಒಂದೇ ಒಂದು ಪಾಠ ಮುಂದೆ ಕೆಲಸಕ್ಕೆ ಬಂತು, ಅದು ಅಲಿಗೇಷನ್. ಎರಡು ದರದ ಎರಡು ಸಾಮಾನು ಕೂಡಿಸಿ ನಡುವಿನ ಒಂದು ದರಕ್ಕೆ ತರಬೇಕಾದರೆ ಯಾವುದು ಎಷ್ಟು ಹಾಕಬೇಕು ಎಂಬ ಲೆಕ್ಕ.

ಗಂಡ ಮಿಲ್ಲುಗಳಿಗೆ ಓಡಾಡಿ ಮಾಲು ತರುತ್ತಾನೆ. ಅಂಗಡಿಯಲ್ಲಿ ಕೂಡುವವರು ನಾನು ಮತ್ತು ನನ್ನ ಮಾವ. ನಾನು ಬಂದ ಹೊಸತರಲ್ಲಿ ಮಾವ ಎರಡು ದರದ ಅಕ್ಕಿ ಬೆರೆಸಿ ಕೂಡಿಸುವ ಕೆಲಸವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ತಾಡಪತ್ರಿ ಹಾಸಿ, ಎರಡೂ ಅಕ್ಕಿ ತೂಗಿ ಸುರಿದು, ಸಲಿಕೆಯಿಂದ ನಾಲ್ಕು ಸಲ ಬುಡಮೇಲು ಮಾಡುತ್ತಿದ್ದರು. ಲೆಕ್ಕ ಮಾತ್ರ ಬಾಯಲ್ಲೇ. ನಾನೂ ಮಾಡುತ್ತೇನೆ ಎಂದು ಹಟ ಹಿಡಿದೆ.

‘ಮಾಡವಾ, ಯಾರ ಬ್ಯಾಡ ಅಂತಾರ? ನಲವತ್ತೆಂಟಕ್ಕ ಕುಂದ್ರಸು, ನೋಡೂಣು’ ಅಂದರು.

ನಾನು ಠೀವಿಯಿಂದ ಚೀಟಿ ತೆಗೆದುಕೊಂಡು, ಬಿಲ್ಲು ನೋಡಿ, ಕೊಂಡ ದರ ಎರಡನ್ನೂ ಬರೆದು ಲೆಕ್ಕ ಹಾಕಿದೆ. ಮಾವ ಚೀಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಭಾಳ ಚೊಲೊ ಆತು. ಹಿಂಗ ಕೂಡಿಸಿ ಮಾರಿದ್ರ ನಮಗ ಉಳಿಯೂದು ಬರೇ ಚೀಲ! ಗಾಡಿ ಬಾಡಿಗಿ, ಹಮಾಲಿ, ನಮ್ಮ ಹೊಟ್ಟಿ, ಇದನ್ನೆಲ್ಲ ಬ್ಯಾಂಕಿನವ್ರು ಕೊಡ್ತಾರೇನು?’ ಆಗ ಹೊಳೆಯಿತು. ನಲವತ್ತೆಂಟು ಎಂಬುದು ಮಾರುವ ದರ. ಅಂದ ಮೇಲೆ ಉಳಿದೆರಡೂ ಮಾರುವ ದರವೇ ಆಗಬೇಕು.

ಮತ್ತೆ ಬರೆದೆ. ಆಗ ನುಚ್ಚು ಬೆರೆತ ಕಡಿಮೆ ಅಕ್ಕಿಯನ್ನು ನಾವು ಕಿಲೋಕ್ಕೆ ನಲವತ್ತೆರಡರಂತೆ ಮಾರುತ್ತಿದ್ದೆವು, ಇಡೀ ಕಾಳಿನ ಚೊಲೊ ಸೋನಾ ಅಕ್ಕಿ ಐವತ್ತೇಳು. ನಡುವೆ ನಲವತ್ತೆಂಟು. ಐವತ್ತೇಳರಿಂದ ನಲವತ್ತೆಂಟಕ್ಕೆ ಒಂಬತ್ತು ದೂರ. ಆ ಒಂಬತ್ತು ಕಡಿಮೆ ಅಕ್ಕಿಯ ಪಾಲು. ನಲವತ್ತೆರಡರಿಂದ ನಲವತ್ತೆಂಟಕ್ಕೆ ಆರು ದೂರ. ಆ ಆರು ಚೊಲೊ ಅಕ್ಕಿಯ ಪಾಲು. ಒಂಬತ್ತಕ್ಕೆ ಆರು, ಅಂದರೆ ಮೂರಕ್ಕೆ ಎರಡು. ಮೂವತ್ತು ಕಿಲೋ ಇದು, ಇಪ್ಪತ್ತು ಕಿಲೋ ಅದು.

‘ಈಗ ಹೌದು,’ ಅಂದರು ಮಾವ. ‘ದೂರ ಇದ್ದದ್ದು ಕಡಿಮಿ ಹಾಕೂದು, ಹತ್ತರ ಇದ್ದದ್ದು ಹೆಚ್ಚ ಹಾಕೂದು. ಇಷ್ಟಕ್ಕ ಒಂದ ವರ್ಸ ರೈಲ ಹತ್ತಿದ್ಯಾ?’

ಅಂದಿನಿಂದ ಕೂಡಿಸುವುದು ನನ್ನ ಕೆಲಸವಾಯಿತು.

ನಮ್ಮ ಅಂಗಡಿಯಲ್ಲಿ ಅಕ್ಕಿಗೆ ದರವೇ ಹೆಸರು. ಗಿರಾಕಿ ಬಂದು ‘ಐದ ಕಿಲೋ ನಲವತ್ತೆರಡು ಕೊಡ್ರಿ’ ಅನ್ನುತ್ತಾರೆ. ದರ ಏರಿದ ದಿನ ಅದರ ಹೆಸರೂ ಏರುತ್ತದೆ. ನಲವತ್ತೆರಡು ಹೋಗಿ ನಲವತ್ತೈದಾಗುತ್ತದೆ, ಜನ ನಾಲ್ಕು ದಿನ ಗೊಣಗಿ ಹೊಸ ಹೆಸರಿಗೆ ಹೊಂದಿಕೊಳ್ಳುತ್ತಾರೆ. ಕೂಡಿಸಿದ ಅಕ್ಕಿ ಮಾತ್ರ ಹಾಗಲ್ಲ. ಅದನ್ನು ನಾವು ಮಾಡುವುದೇ ನಲವತ್ತೆಂಟಕ್ಕೆ. ಹಾಗಾಗಿ ಅದು ಯಾವಾಗಲೂ ನಲವತ್ತೆಂಟೇ.

ಆ ನಲವತ್ತೆಂಟಕ್ಕೆ ದೊಡ್ಡ ಗಿರಾಕಿಯೆಂದರೆ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯ ಅಕ್ಕ. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ, ಗಂಡನಿಲ್ಲದೆ ಒಬ್ಬಳೇ ನಡೆಸಿಕೊಂಡು ಬಂದವಳು. ನಮ್ಮ ಕಡೆ ಊಟವೆಂದರೆ ರೊಟ್ಟಿ. ಅನ್ನ ಕಡೆಗೆ ಬರುವ ನಾಲ್ಕು ತುತ್ತು. ಆದರೆ ಆ ಅಕ್ಕ ಹೇಳುತ್ತಿದ್ದಳು: ‘ರೊಟ್ಟಿ ಎಲ್ಲಾರೂ ಬಡೀತಾರ ತಂಗಿ. ಎದ್ದ ಹೋಗೂ ಮುಂದ ಬಾಯಾಗ ಉಳಿಯೂದು ಅನ್ನ.’ ಆಕೆಯ ಖಾನಾವಳಿಯ ಅನ್ನ ಕಾಳು ಕಾಳಾಗಿ ಬಿಡಿಸಿಕೊಂಡಿರುತ್ತಿತ್ತು. ಲಾರಿ ಡ್ರೈವರುಗಳು ಹುನಗುಂದದಲ್ಲಿ ಹಸಿದಿದ್ದರೂ ತಡೆದುಕೊಂಡು ಇಳಕಲ್ಲಿಗೆ ಬಂದು ಉಣ್ಣುತ್ತಿದ್ದರು.

ಆಮೇಲೆ ದರಗಳು ಏರತೊಡಗಿದವು. ಮೊದಲು ಚೊಲೊ ಅಕ್ಕಿ ಐವತ್ತೇಳರಿಂದ ಅರವತ್ತಕ್ಕೆ ಹಾರಿತು. ನಾನು ಚೀಟಿ ತೆಗೆದೆ. ಹನ್ನೆರಡಕ್ಕೆ ಆರು, ಅಂದರೆ ಎರಡಕ್ಕೆ ಒಂದು. ಮರುತಿಂಗಳು ಕಡಿಮೆ ಅಕ್ಕಿ ನಲವತ್ತೈದಾಯಿತು. ಹನ್ನೆರಡಕ್ಕೆ ಮೂರು, ನಾಲ್ಕಕ್ಕೆ ಒಂದು. ಅದಾದ ಮೇಲೆ ಕಡಿಮೆ ಅಕ್ಕಿ ನಲವತ್ತಾರು, ಚೊಲೊ ಅಕ್ಕಿ ಅರವತ್ತೊಂದು: ಹದಿಮೂರಕ್ಕೆ ಎರಡು. ಪ್ರತಿ ಸಲವೂ ಲೆಕ್ಕ ಗಡಿಯಾರದಂತೆ ಕೂತುಕೊಳ್ಳುತ್ತಿತ್ತು. ಪ್ರತಿ ಸಲವೂ ನಲವತ್ತೆಂಟು ನಲವತ್ತೆಂಟೇ. ನನಗೆ ಎಂಥ ಹೆಮ್ಮೆ ಅಂತೀರಿ! ಪೇಟೆಯಲ್ಲಿ ಎಲ್ಲ ಅಂಗಡಿಯವರೂ ದರ ಏರಿಸುತ್ತಿದ್ದಾಗ ನಾನು ಒಂದು ದರವನ್ನು ಅಲುಗಾಡದಂತೆ ಹಿಡಿದಿದ್ದೆ.

ಹದಿನೈದು ಕಿಲೋದಲ್ಲಿ ಚೊಲೊ ಅಕ್ಕಿ ಮೊದಲು ಆರು ಕಿಲೋ ಇತ್ತು. ಆಮೇಲೆ ಐದಾಯಿತು, ಮೂರಾಯಿತು, ಎರಡಾಯಿತು. ಇದನ್ನು ಹೀಗೆ ಸಾಲಾಗಿ ನಾನು ಒಮ್ಮೆಯೂ ಬರೆದು ನೋಡಿರಲಿಲ್ಲ.

ಆ ಶನಿವಾರ ಅಕ್ಕ ಅಂಗಡಿಗೆ ಬಂದಾಗ ಮುಖ ಅರಳಿತ್ತು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ‘ಎಪ್ಪತ್ತೈದ ಕಿಲೋ ನಲವತ್ತೆಂಟು ಕಟ್ಟವಾ ತಂಗಿ’ ಅಂದಳು.

‘ಏನ್ರಿ ಅಕ್ಕಾರ, ಮದುವಿ ಗಿದುವಿ ಐತೇನು?’

‘ಮದುವಿಗಿಂತ ದೊಡ್ಡದು. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ ಇಲ್ಲನು, ಅಲ್ಲಿ ದಿನಾ ನೂರಾ ಇಪ್ಪತ್ತ ಮಂದಿಗೆ ಮಧ್ಯಾಹ್ನದ ಊಟ. ಸೋಮವಾರ ಒಂದ ದಿನ ಮಾಡಿ ಕೊಡು, ಮಂದಿಗೆ ಸೇರಿದ್ರ ಕಾಯಂ ನಿನಗ ಅಂದಾರ. ಸೇರೇ ಸೇರ್ತದ ಅಂತ ಐದ ದಿನದ್ದ ಒಮ್ಮೆಲೆ ಒಯ್ಯಾಕತ್ತೇನಿ. ಅಲ್ಲಿ ಮ್ಯಾನೇಜರ್ ನಾಲ್ಕ ತಿಂಗಳ ಹಿಂದ ನನ್ನ ಕಡೆ ಉಂಡಿದ್ನಂತ. ಏನ ನೆನಪ ಇಟ್ಟಾನ ಗೊತ್ತೇನು? ಅನ್ನ! ಆ ಅನ್ನ ಬೇಕು ಅಂದ.’

ತಕ್ಕಡಿಯ ಮೇಲಿದ್ದ ನನ್ನ ಕೈ ಹಾಗೇ ನಿಂತಿತು. ನಾಲ್ಕು ತಿಂಗಳ ಹಿಂದೆ ಅಂದರೆ ಮೂರಕ್ಕೆ ಎರಡು. ಈಗ ಚೀಲಕ್ಕೆ ತುಂಬುತ್ತಿರುವುದು ಹದಿಮೂರಕ್ಕೆ ಎರಡು.

‘ದರ ಅದೇ ಅಲ್ಲ?’ ಅಂದಳು ಅಕ್ಕ.

‘ಅದೇ ರೀ.’

‘ಅದಕ್ಕ ನಿಮ್ಮ ಅಂಗಡಿ ಬಿಟ್ಟ ಹೋಗೂದಿಲ್ಲ ನಾ. ಎಲ್ಲಾರೂ ಬಣ್ಣ ಬದಲಾಸ್ಯಾರ, ನೀವು ಬದಲಾಸಿಲ್ಲ.’

ಆಕೆ ನಲವತ್ತೆಂಟು ಎಂಬುದನ್ನು ಒಂದು ಅಕ್ಕಿಯ ಜಾತಿಯೆಂದೇ ತಿಳಿದಿದ್ದಳು. ದರ ಬದಲಾಗದಿದ್ದರೆ ಅಕ್ಕಿಯೂ ಬದಲಾಗಿಲ್ಲ ಎಂದು. ಆಕೆಗೆ ಗೊತ್ತಿರುತ್ತದೆ ಎಂದು ನಾನು ತಿಳಿದಿದ್ದೆ. ದರ ನಿಂತಲ್ಲೇ ನಿಂತರೆ ಒಳಗಿನದು ಇಳಿಯಲೇಬೇಕು, ಇಷ್ಟು ಯಾರಿಗೆ ಹೊಳೆಯುವುದಿಲ್ಲ ಎಂದು. ಯಾಕೆ ಹೊಳೆಯಬೇಕು? ಆಕೆ ಅಲಿಗೇಷನ್ ಕಲಿತಿದ್ದಳೇ? ರಿಕ್ಷಾದಲ್ಲಿ ಚೀಲ ಹಾಕಿಸಿಕೊಂಡು ಅಕ್ಕ ಹೋದಳು. ನಾನು ಮಾತಾಡದೆ ನಿಂತೆ, ಹೇಡಿಯ ಹಾಗೆ.

ಅಲ್ಲಿಂದ ಶುರುವಾಯಿತು ನೋಡಿ. ಒಂದು ಗಿರಾಕಿಗೆ ಚಿಲ್ಲರೆ ಹೆಚ್ಚು ಕೊಟ್ಟೆ, ಇನ್ನೊಬ್ಬರಿಗೆ ಅಕ್ಕಿ ಕೇಳಿದರೆ ಬೇಳೆ ಕಟ್ಟಿದೆ. ಗಂಡ ಫೋನ್ ಮಾಡಿದರೆ ಸುಮ್ಮಸುಮ್ಮನೆ ಹರಿಹಾಯ್ದೆ. ಮನೆಗೆ ಬಂದು ಕುಕ್ಕರಿನಲ್ಲಿ ಆ ನಲವತ್ತೆಂಟನ್ನೇ ಒಂದು ಪಾವು ಇಟ್ಟೆ. ನಾವು ಮನೆಯಲ್ಲಿ ಅದನ್ನು ಉಣ್ಣುವುದೇ ಇಲ್ಲ, ಚೊಲೊ ಅಕ್ಕಿ ಉಣ್ಣುತ್ತೇವೆ. ಇದೂ ಹೇಳಿಕೊಳ್ಳಲು ನಾಚಿಕೆಯ ಮಾತು. ಮುಚ್ಚಳ ತೆಗೆದರೆ ಅನ್ನ ಮುದ್ದೆಯಾಗಿತ್ತು. ನುಚ್ಚು ಮೊದಲು ಬೇಯುತ್ತದೆ. ಇಡೀ ಕಾಳು ಬೇಯುವಷ್ಟರಲ್ಲಿ ಅದು ಕರಗಿ ಗಂಜಿಯಾಗಿ ಉಳಿದ ಕಾಳಿಗೆಲ್ಲ ಅಂಟಿಕೊಳ್ಳುತ್ತದೆ. ನುಚ್ಚು ಕಡಿಮೆಯಿದ್ದಾಗ ನೀರು ಬಸಿದರೆ ನಡೆಯುತ್ತಿತ್ತು. ಈಗ ಬಸಿಯುವುದಕ್ಕೆ ನೀರೇ ಉಳಿಯುವುದಿಲ್ಲ.

ಮಾವನ ಮುಂದೆ ತಟ್ಟೆ ಇಟ್ಟೆ. ಎರಡು ತುತ್ತು ಉಂಡು ಕೈ ನಿಲ್ಲಿಸಿದರು.

‘ಇದು ನಲವತ್ತೆಂಟ?’

‘ಹೌದ್ರಿ ಮಾವಾರ. ಸೋಮವಾರ ಆ ಅಕ್ಕ ಇದನ್ನ ನೂರಾ ಇಪ್ಪತ್ತ ಮಂದಿಗೆ ನೀಡಾಕಿ ಅದಾಳ. ಆಕಿಗೆ ಹೇಳಬೇಕು.’

ಮಾವ ಅನ್ನವನ್ನು ಬೆರಳಿನಿಂದ ಹಿಚುಕಿ ನೋಡಿದರು. ಆಮೇಲೆ, ‘ಆಕಿ ನಲವತ್ತೆಂಟ ಕೇಳಿದ್ಳು, ನಾವು ನಲವತ್ತೆಂಟ ಕೊಟ್ಟೀವಿ. ತೂಕದಾಗ ಮೋಸ ಇಲ್ಲ, ದರದಾಗ ಮೋಸ ಇಲ್ಲ’ ಅಂದರು.

‘ಅಕ್ಕಿಯಾಗ?’

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಈ ಮನುಷ್ಯ ಯಾರಿಗೂ ಒಂದು ಗುಂಜಿ ಕಡಿಮೆ ತೂಗಿದವರಲ್ಲ, ನನಗೆ ಗೊತ್ತು. ಅದಕ್ಕೇ ಅವರ ಮೇಲೆ ಕೂಗಾಡಲಿಕ್ಕೆ ಬಾಯಿ ಬರಲಿಲ್ಲ. ‘ಹೇಳಿದ್ರ ಗಿರಾಕಿ ಹೋಗ್ತದ’ ಎಂದು ಸಣ್ಣ ದನಿಯಲ್ಲಿ ಅಂದು ಎದ್ದು ಹೋದರು.

ಭಾನುವಾರ ಅಂಗಡಿ ಅರ್ಧ ದಿನ. ಬೆಳಗಿನಿಂದ ಚೀಟಿಯ ಮೇಲೆ ಚೀಟಿ ಗೀಚಿದೆ. ಇಂದಿನ ದರದಲ್ಲಿ ಆ ಹಳೆಯ ಮೂರಕ್ಕೆ ಎರಡು ಮಾಡಿದರೆ ಎಷ್ಟು ಬೀಳುತ್ತದೆ? ಮೂರು ನಲವತ್ತಾರಕ್ಕೆ ನೂರಾ ಮೂವತ್ತೆಂಟು, ಎರಡು ಅರವತ್ತೊಂದಕ್ಕೆ ನೂರಾ ಇಪ್ಪತ್ತೆರಡು. ಕೂಡಿಸಿ ಐದರಿಂದ ಭಾಗಿಸಿದರೆ ಐವತ್ತೆರಡು. ನಾಲ್ಕು ರೂಪಾಯಿ ಹೆಚ್ಚು. ಸರಿ, ಆಕೆಯ ಕಡೆ ಈಗಾಗಲೇ ಎಪ್ಪತ್ತೈದು ಕಿಲೋ ನಲವತ್ತೆಂಟು ಇದೆ. ಅದಕ್ಕೆ ಅರವತ್ತೊಂದನ್ನು ಎಷ್ಟು ಸೇರಿಸಿದರೆ ಐವತ್ತೆರಡಾಗುತ್ತದೆ? ಅರವತ್ತೊಂದರಿಂದ ಐವತ್ತೆರಡಕ್ಕೆ ಒಂಬತ್ತು, ನಲವತ್ತೆಂಟರಿಂದ ಐವತ್ತೆರಡಕ್ಕೆ ನಾಲ್ಕು. ಒಂಬತ್ತು ಪಾಲು ನಲವತ್ತೆಂಟು, ನಾಲ್ಕು ಪಾಲು ಅರವತ್ತೊಂದು. ಎಪ್ಪತ್ತೈದಕ್ಕೆ ಮೂವತ್ತಮೂರು ಕಿಲೋ, ಮೇಲೊಂದಿಷ್ಟು. ತಿರುಗಿಸಿ ತಾಳೆ ನೋಡಿದೆ, ಬರೋಬ್ಬರಿ ಮೂರಕ್ಕೆ ಎರಡೇ ಬಂತು. ಲೆಕ್ಕ ಬಂದರೂ ಸಮಾಧಾನ ಬರಲಿಲ್ಲ. ಅಂಗಡಿಯೊಳಗೆ ಬಾಗಿಲಿನಿಂದ ತಕ್ಕಡಿಗೆ, ತಕ್ಕಡಿಯಿಂದ ಬಾಗಿಲಿಗೆ ತಿರುಗಿದ್ದೇ ತಿರುಗಿದ್ದು.

ಮಾವ ನೋಡಿ ನೋಡಿ ಸಾಕಾಗಿ, ‘ಯಾಕವಾ ಹಿಂಗ ಸುತ್ತಾಕತ್ತಿ? ಹೋಗೂದಿದ್ರ ಹೋಗು’ ಅಂದರು. ನಾನು ಮೂವತ್ತಮೂರು ಕಿಲೋ ತೂಗಿದೆ. ಮೇಲಿನದೊಂದಿಷ್ಟನ್ನು ಅವರೇ ಬೊಗಸೆಯಿಂದ ಹಾಕಿದರು. ಚೀಲವನ್ನು ಸ್ಕೂಟಿಯ ಕಾಲಿನ ಹತ್ತಿರ ಇಟ್ಟುಕೊಂಡು, ಕಾಲು ಎತ್ತ ಇಡಬೇಕೋ ತಿಳಿಯದೆ, ಜನರ ಬೈಗುಳ ತಿನ್ನುತ್ತಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದೆ.

ಅಕ್ಕ ದೊಡ್ಡ ಪಾತ್ರೆಗಳನ್ನು ತಿಕ್ಕಿಸಿ ಬೋರಲು ಹಾಕುತ್ತಿದ್ದಳು. ನಾನು ಕೂಡಲೂ ಇಲ್ಲ, ನಿಂತಲ್ಲೇ ಎಲ್ಲ ಒದರಿದೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಈಗ ಎಷ್ಟಿದೆ. ಹದಿನೈದರಲ್ಲಿ ಆರು, ಐದು, ಮೂರು, ಎರಡು. ಆಕೆಗೆ ಮೊದಲು ತಿಳಿಯಲಿಲ್ಲ. ಎರಡನೇ ಸಲ ಹೇಳಿದಾಗ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

‘ಹಂಗಾರ ಮೊದಲಿನ ಅಕ್ಕಿ ಈಗ ಎಷ್ಟಕ್ಕ ಬರ್ತದ?’

‘ಐವತ್ತೆರಡು ರೀ. ಕಿಲೋಕ್ಕ ನಾಲ್ಕ ರೂಪಾಯಿ ಹೆಚ್ಚಾಗ್ತದ. ಇವತ್ತ ತಂದದ್ದಕ್ಕ ರೊಕ್ಕ ಬ್ಯಾಡ, ನಮ್ಮದ ತಪ್ಪು.’

‘ನಿನ್ನ ರೊಕ್ಕ ಇರ್ಲಿ, ನಾ ಕೇಳಿದ್ದಕ್ಕ ಹೇಳು. ಒಂದ ಕಿಲೋದಾಗ ನನ್ನ ಕಡೆ ಎಂಟ ಮಂದಿ ಉಣ್ತಾರ. ಒಂದ ತಾಟಿಗೆ ಎಷ್ಟ ಹೆಚ್ಚಾತು?’

ಎಂಟು ಜನಕ್ಕೆ ನಾಲ್ಕು ರೂಪಾಯಿ. ಬೆಳಗಿನಿಂದ ಅಷ್ಟೊಂದು ಚೀಟಿ ಗೀಚಿದವಳಿಗೆ ಈ ಒಂದು ಲೆಕ್ಕ ಹೊಳೆದಿರಲಿಲ್ಲ.

‘ಎಂಟಾಣೆ ರೀ’ ಅಂದೆ.

‘ಎಂಟಾಣೆ!’ ಅಕ್ಕನ ದನಿ ಒಡೆಯಿತು. ‘ಭಿಕ್ಷಾ ಬೇಡಾವ್ರೂ ಈಗ ಎಂಟಾಣೆ ಹೊಳ್ಳಿ ಒಗೀತಾರ. ಎಂಟಾಣೆ ಉಳಿಸಾಕ ನನ್ನ ಅನ್ನ ಕೆಡಿಸಿದ್ರ್ಯಾ? ಒಂದ ಮಾತ ಕೇಳಿದ್ರ ನಾ ಕೊಡ್ತಿದ್ದಿಲ್ಲನು? ಬಾಯಿ ಇದ್ದಿದ್ದಿಲ್ಲೇನ ನಿಮಗ?’

ಬೈಯಲಿ ಎಂದೇ ಬಂದಿದ್ದೆ. ಬೈಸಿಕೊಳ್ಳುತ್ತಾ ನಿಂತೆ. ಆದರೆ ಅಕ್ಕ ಬೈಯುವುದನ್ನು ನಡುವೆಯೇ ನಿಲ್ಲಿಸಿಬಿಟ್ಟಳು. ಬೋರಲು ಹಾಕಿದ್ದ ಪಾತ್ರೆಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

‘ಯವ್ವಾ, ನಾ ಆಕೀನ ಬಿಡಿಸಿಬಿಟ್ಟೆನಲ್ಲ’ ಅಂದಳು.

ಯಾರನ್ನು ಎಂದು ಕೇಳಿದೆ. ಅಡಿಗೆಯವಳನ್ನು. ಮರೋಳದ ಮುದುಕಿ, ಹನ್ನೆರಡು ವರ್ಷದಿಂದ ಈ ಖಾನಾವಳಿಯ ಅನ್ನ ಇಡುತ್ತಿದ್ದವಳು. ಅನ್ನ ಮುದ್ದೆಯಾಗತೊಡಗಿದಾಗ ಅಕ್ಕ ಮೊದಲು ನೀರು ಕಡಿಮೆ ಹಾಕು ಅಂದಳಂತೆ, ಆಮೇಲೆ ಪಾತ್ರೆ ಬದಲಿಸಿದಳಂತೆ, ಕಡೆಗೆ ಗಿರಾಕಿಗಳ ಎದುರಿಗೇ ಕೂಗಾಡಿದಳಂತೆ. ಮುದುಕಿ ‘ಅಕ್ಕಿ ಬ್ಯಾರೆ ಆಗೈತಿ’ ಅಂದರೆ, ‘ಅಕ್ಕಿ ಅದೇ ಐತಿ, ದರಾನೂ ಅದೇ ಐತಿ, ನಿನ್ನ ಕೈ ಕೆಟ್ಟೈತಿ’ ಎಂದು ತಿಂಗಳ ಹಿಂದೆ ಲೆಕ್ಕ ಚುಕ್ತಾ ಮಾಡಿ ಬಸ್ ಹತ್ತಿಸಿದ್ದಳು. ಆಮೇಲೆ ತಾನೇ ಅನ್ನ ಇಡುತ್ತಿದ್ದಳು, ಅದೂ ಮುದ್ದೆಯಾದಾಗ ತನಗಿನ್ನೂ ಕೈ ಕೂಡಿಲ್ಲ ಎಂದುಕೊಂಡಿದ್ದಳಂತೆ.

ದರ ಅದೇ ಇದೆ. ಆ ಮುದುಕಿಯ ಬಾಯಿ ಮುಚ್ಚಿಸಿದ್ದು ನಾನು ಅಲುಗಾಡದಂತೆ ಹಿಡಿದಿದ್ದ ಆ ದರ.

ಫ್ಯಾಕ್ಟರಿಯ ಊಟ ಆಕೆಗೆ ಸಿಕ್ಕಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸಿಕ್ಕಿತು, ಇವತ್ತಿಗೂ ನಡೆದಿದೆ. ಅಂಗಡಿಯ ಹಲಗೆಯ ಮೇಲೆ ಕೂಡಿಸಿದ ಅಕ್ಕಿಯ ದರದ ಕೆಳಗೆ ಯಾವುದು ಎಷ್ಟು ಪಾಲು ಎಂದು ಈಗ ನಾನು ಬರೆಯುತ್ತೇನೆ. ಮಾವ ಬೇಡ ಅನ್ನಲಿಲ್ಲ. ಆದರೆ ಆ ದಿನಗಳನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಊಟವಲ್ಲ, ಆ ಸಂಜೆಯ ಫೋನು.

ಅಕ್ಕ ಮುದುಕಿಗೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿ, ಅತ್ತಲಿಂದ ದನಿ ಬಂದ ಕೂಡಲೇ ನನ್ನ ಕೈಗೆ ಕೊಟ್ಟುಬಿಟ್ಟಳು. ‘ಅಮ್ಮಾರ, ನಾ ಅಕ್ಕಿ ಅಂಗಡಿಯಾಕಿ ಮಾತಾಡ್ತೇನ್ರಿ. ನಿಮ್ಮ ಕೈ ಕೆಟ್ಟಿಲ್ಲ. ಅಕ್ಕಿ ಬ್ಯಾರೆ ಆಗಿತ್ತು. ಬ್ಯಾರೆ ಮಾಡಿದಾಕಿ ನಾನು’ ಅಂದೆ.

ಲೈನ್ ಕಟ್ಟಾಯಿತೇನೋ ಎಂದು ಫೋನ್ ನೋಡಿದೆ.

‘ಅಕ್ಕ ನಾಳಿಗೆ ನಿಮ್ಮನ್ನ ಕರೀತಾಳ್ರಿ. ನೂರಾ ಇಪ್ಪತ್ತ ಮಂದಿ ಅಡಗಿ’ ಅಂದೆ.

‘ಅದನ್ನ ಆಮ್ಯಾಲ ಮಾತಾಡೂಣು’ ಅಂದಳು ಮುದುಕಿ. ‘ನೀ ಮೊದಲ ಅಂದೆಲ್ಲ, ಅದನ್ನ ಇನ್ನೊಮ್ಮಿ ಅನ್ನವಾ. ತಡಿ, ನನ್ನ ಸೊಸೀನ ಕರೀತೇನಿ. ನಾ ಊರಿಗೆ ಬಂದಾಗಿಂದ ನನ್ನ ಒಲಿ ಮುಟ್ಟಾಕ ಬಿಟ್ಟಿಲ್ಲ ಆಕಿ, ಅತ್ತಿ ಕೈ ಕೆಟ್ಟೈತಿ ಅಂತ. ನನಗೂ ಹಂಗ ಅನ್ನಿಸಿಬಿಟ್ಟಿತ್ತು.’

ಸೊಸೆಯನ್ನು ಕೂಗುವ ದನಿ ಕೇಳಿಸಿತು. ಬಾಗಿಲ ಸದ್ದು, ಹತ್ತಿರ ಬರುವ ಕಾಲಿನ ಸದ್ದು. ಅಕ್ಕ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಳು.

‘ಹಾಂ, ಬಂದಾಳ. ಈಗ ಹೇಳು,’ ಅಂದಳು ಮುದುಕಿ. ‘ಸ್ವಲ್ಪ ಗಟ್ಟಿಯಾಗಿ ಹೇಳು.’

ನಾನು ಗಟ್ಟಿಯಾಗಿ ಹೇಳಿದೆ.